ಮುಳುಗಡೆಯ ಮನೆಯ ಕುರಿತ ಕವಿತೆ: ಕೊನೆಯ ನುಡಿ ಇರಬೇಕೇ?

ಧಾರವಾಡದ ಓದುಗಿ

ಎಲ್ಲರಿಗೂ ನಮಸ್ಕಾರ. ನನ್ನ ಆಯಿಯ ಗಂಡನ ಮನೆ ಇದ್ದ ಊರು ಸವದತ್ತಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗೆ ಇತ್ತು. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರು 1970ರ ದಶಕದ ಆರಂಭದಲ್ಲಿ ಆ ಊರನ್ನು ಮುಚ್ಚಿತು. ಆಯಿ ಈಗ ನಮ್ಮೊಡನೆ ಧಾರವಾಡದಲ್ಲಿದ್ದಾಳೆ. ಆಕೆ ಆ ದಿನಗಳ ಬಗ್ಗೆ ತಾನಾಗಿ ಏನನ್ನೂ ಹೇಳುವುದಿಲ್ಲ, ಕೇಳಿದರೆ ಮಾತ್ರ ಎರಡು ಮಾತಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತಾಳೆ. ಅವಳ ಆ ರೀತಿಯಲ್ಲಿಯೇ, ದನಿ ಏರಿಸದೆ, ಒಂದು ಕವಿತೆ ಬರೆಯಬೇಕೆಂದು ಒಂದು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. ಭೂಸ್ವಾಧೀನದ ಸಮಯದಲ್ಲಿ ಮನೆಮನೆಗೆ ಬಂದು ಬರೆದುಕೊಂಡು ಹೋದ ಪಂಚನಾಮೆಯ ಧಾಟಿಯನ್ನು ಬಳಸಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಹಾಕಿಲ್ಲ.

*ಮುಳುಗಡೆ*

ಮನೆ ಸಂಖ್ಯೆ ನಲವತ್ತೊಂದು.
ಕೆಂಪು ಬಣ್ಣದಲ್ಲಿ ಅವರು ಬರೆದದ್ದು.

ಮಣ್ಣಿನ ಗೋಡೆ, ಅಂಕಣ ಐದು.
ಗೋದಲಿ ಒಂದು, ಹಗೇವು ಒಂದು.
ಬೇವಿನ ಮರ ಒಂದು, ಫಲವಿಲ್ಲ.

ತೊಲೆ ಬಿಚ್ಚಿದೆವು, ಕಂಬ ಬಿಚ್ಚಿದೆವು.
ಬಾಗಿಲನ್ನು ಚೌಕಟ್ಟಿನ ಸಮೇತ
ಚಕ್ಕಡಿಗೆ ಹೇರಿದೆವು.

ಗೋಡೆಗಳು ಇನ್ನೂ ನಿಂತಿವೆ ನೀರೊಳಗೆ,
ಮೂಕ ಕಣ್ಣೀರಿನಲ್ಲಿ ನೆನೆಯುತ್ತ,
ನಮ್ಮ ದಾರಿ ಕಾಯುತ್ತ.

ಧಾರವಾಡದಲ್ಲಿ ನಳಕ್ಕೆ ನೀರು ಬಂದಿದೆ.
ಆಯಿ ಹಂಡೆ ತುಂಬುತ್ತಾಳೆ.
ನಮ್ಮ ಮನೆಯ ಮೇಲಿನ ನೀರು ಇದು
ಎಂದು ಯಾರಿಗೆ ಹೇಳಲಿ.

ಹುಬ್ಬಳ್ಳಿ ಧಾರವಾಡದವರಿಗೆ ಗೊತ್ತಿರುವಂತೆ ನಮ್ಮ ನಳದ ನೀರು ಮಲಪ್ರಭೆಯ ಜಲಾಶಯದಿಂದ ಎತ್ತಿ, ಅಮ್ಮಿನಭಾವಿಯಲ್ಲಿ ಶುದ್ಧಗೊಳಿಸಿ ಕಳಿಸಿದ ನೀರು. ಕೊನೆಯ ನುಡಿ ಅದರಿಂದ ಬಂತು. ಅದು ಕವಿತೆಗೆ ಭಾರವಾಯಿತೇ ಎಂಬ ಅನುಮಾನ ನನಗಿದೆ. ದಯವಿಟ್ಟು ಸಂಕೋಚವಿಲ್ಲದೆ ತಿಳಿಸಿ.

ಗದಗಿನ ಹುಡುಗ

ಅಕ್ಕಾ, ಕವಿತೆ ಮನಸ್ಸಿಗೆ ತಟ್ಟಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಾಲ್ಕನೆಯ ನುಡಿ, ಏಕೆಂದರೆ ಅಲ್ಲಿಯವರೆಗೆ ಬರೀ ಲೆಕ್ಕವಿದ್ದು, ಭಾವನೆ ಮೊದಲ ಸಲ ಬರುವುದು ಅಲ್ಲಿಯೇ. ಅದನ್ನು ಇನ್ನಷ್ಟು ಬೆಳೆಸಬಹುದು. ನವಿಲುತೀರ್ಥದ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ವಿಠ್ಠಲನ ಗುಡಿಯೊಂದು ಪೂರ್ತಿ ಮೇಲೆ ಏಳುತ್ತದೆ, ಜನ ಹೋಗಿ ಪೂಜೆ ಮಾಡಿ ಬರುತ್ತಾರೆ. ಆ ಗುಡಿಯಂತೆ ನಿಮ್ಮ ಮನೆಯ ಗೋಡೆಗಳೂ ಏಳುತ್ತವೆ ಎಂದು ಬರೆದರೆ ಚಿತ್ರ ಪೂರ್ಣವಾಗುತ್ತದೆ. ಇನ್ನೊಂದು ಮಾತು, ಇದು ನಮ್ಮ ಭಾಗದ ಹಳ್ಳಿಯ ದುಃಖವಾದ್ದರಿಂದ ತ್ರಿಪದಿಯಲ್ಲಿ ಇರಬೇಕಿತ್ತು ಎನ್ನುವುದು ನನ್ನ ಅನಿಸಿಕೆ. ಬೀಸುವ ಕಲ್ಲಿನ ಹಾಡಿನ ಧಾಟಿ ಬಂದರೆ ಓದುಗರ ಕಣ್ಣು ತಾನಾಗಿ ತುಂಬುತ್ತದೆ.

ನಿವೃತ್ತ ಸರ್ವೇಯರ್, ಹುಬ್ಬಳ್ಳಿ

ಕವಿತೆಯ ಬಗ್ಗೆ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಆದರೆ ಜಲಾಶಯಗಳ ಅಂಚಿನ ಅಳತೆಯಲ್ಲಿ ನನ್ನ ನೌಕರಿಯ ಬಹುಭಾಗ ಕಳೆದಿದೆಯಾದ್ದರಿಂದ ಎರಡು ವಿಷಯಗಳನ್ನು ತಿದ್ದಬೇಕಾಗಿದೆ.

ಗದಗಿನ ತಮ್ಮ ಹೇಳಿದ ವಿಠ್ಠಲನ ಗುಡಿ ನಿಜ, ಆದರೆ ಅದು ಮಲಪ್ರಭೆಯದಲ್ಲ. ಅದು ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ, ಹುನ್ನೂರಿನ ಬಳಿ ಇರುವ ಗುಡಿ. ಅದು ಕಲ್ಲಿನ ಕಟ್ಟಡ. ವರ್ಷದ ಬಹುಕಾಲ ನೀರಿನಲ್ಲಿದ್ದು ಬೇಸಿಗೆಯಲ್ಲಿ ಮೇಲೆ ಬಂದರೂ ಅದರ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ನೋಡಿದವರು ಮುಳುಗಿದ ಊರೆಲ್ಲ ನೀರಿನ ಕೆಳಗೆ ಹಾಗೆಯೇ ನಿಂತಿದೆ ಎಂದು ನಂಬುತ್ತಾರೆ. ಆ ನಂಬಿಕೆ ಸುಳ್ಳು.

ಈ ಕವಿತೆಯ ಮನೆ ಮಣ್ಣಿನದು. ಮೂರನೆಯ ನುಡಿಯಲ್ಲಿ ನೀವೇ ತೊಲೆ ಬಿಚ್ಚಿದ್ದೀರಿ. ತೊಲೆ ಹೋದ ಮೇಲೆ ಮಾಳಿಗೆಯ ಮಣ್ಣು ಒಳಗೆ ಬೀಳುತ್ತದೆ, ಗೋಡೆಯ ನೆತ್ತಿಗೆ ಮರೆ ಇರುವುದಿಲ್ಲ. ಮಳೆಗಾಲದ ನೀರು ಮೇಲಿನಿಂದ ಗೋಡೆಯನ್ನು ಕರಗಿಸುತ್ತದೆ, ಏರುವ ಹಿನ್ನೀರು ಬುಡದಿಂದ ನೆನೆಸುತ್ತದೆ. ಮೊಣಕಾಲಿನಷ್ಟು ನೀರು ಕೆಲವು ದಿನ ನಿಂತರೆ ಸಾಕು, ಹಸಿ ಮಣ್ಣಿನ ಗೋಡೆ ಹೊರಗೆ ಉರುಳುವುದಕ್ಕಿಂತ ಹೆಚ್ಚಾಗಿ ಇದ್ದಲ್ಲಿಯೇ ಕುಸಿದು ಗುಡ್ಡೆಯಾಗುತ್ತದೆ. ನೀರು ಇಳಿದಾಗ ಹಳೆಯ ಊರಿನ ಜಾಗಕ್ಕೆ ಹೋದರೆ ಕಾಣುವುದು ಒಂದು ತಗ್ಗು ದಿಬ್ಬ ಮಾತ್ರ. ಸುತ್ತಲಿನ ಎರೆಹೊಲ ಕಪ್ಪಾಗಿದ್ದರೆ ಆ ದಿಬ್ಬದ ಮಣ್ಣು ಬೂದಿಯ ಬಣ್ಣದ್ದಾಗಿರುತ್ತದೆ, ತಲೆತಲಾಂತರದ ಒಲೆಯ ಬೂದಿ ಮತ್ತು ತಿಪ್ಪೆ ಅದರಲ್ಲಿ ಸೇರಿರುತ್ತದೆ. ಮಡಕೆಯ ಚೂರು, ಅಡಿಪಾಯದ ಕಲ್ಲಿನ ಸಾಲು, ಒರಳು, ಬಾವಿಯ ಸುತ್ತುಗಲ್ಲು ಇವು ಉಳಿಯುತ್ತವೆ, ಅವೂ ಹೂಳು ಮುಚ್ಚದಿದ್ದರೆ. ಊರು ಇದ್ದ ಜಾಗವನ್ನು ನಾವು ಗುರುತಿಸುತ್ತಿದ್ದದ್ದು ಮಣ್ಣಿನ ಬಣ್ಣದಿಂದ.

ಆದ್ದರಿಂದ ಅಕ್ಕಾವ್ರೇ, ನಿಮ್ಮ ಮೂರನೆಯ ನುಡಿ ನಿಜವಾದರೆ ನಾಲ್ಕನೆಯದು ನಿಜವಲ್ಲ.

ಹಾವೇರಿ ಮೇಷ್ಟ್ರು

ಸರ್ವೇಯರ್ ಅವರ ಕೊನೆಯ ವಾಕ್ಯವನ್ನು ಮೂರು ಸಲ ಓದಿದೆ. ಕನ್ನಡ ಪಾಠ ಹೇಳಿದ ನಾನು ಈ ನುಡಿಯನ್ನು ಬೇರೆ ಕಾರಣಕ್ಕೆ ತೆಗೆಯಬೇಕೆಂದು ಬರೆಯಲು ಕುಳಿತಿದ್ದೆ, ಆದರೆ ಅವರು ಕೊಟ್ಟ ಕಾರಣವೇ ದೊಡ್ಡದು.

ಮೊದಲ ಮೂರು ನುಡಿಗಳಲ್ಲಿ ಮಾತನಾಡುವವರು ತಮಗೆ ಗೊತ್ತಿರುವುದನ್ನು ಮಾತ್ರ ಹೇಳುತ್ತಾರೆ: ಎಷ್ಟು ಅಂಕಣ, ಎಷ್ಟು ಗೋದಲಿ, ಏನು ಬಿಚ್ಚಿದೆವು, ಎಲ್ಲಿ ಹೇರಿದೆವು. ನಾಲ್ಕನೆಯ ನುಡಿಯಲ್ಲಿ ಅದೇ ದನಿ ತಾನು ಕಾಣದ ನೀರಿನ ತಳದ ಬಗ್ಗೆ, ಗೋಡೆಯ ಮನಸ್ಸಿನ ಬಗ್ಗೆ ಹೇಳತೊಡಗುತ್ತದೆ. ‘ಮೂಕ’, ‘ಕಣ್ಣೀರು’, ‘ದಾರಿ ಕಾಯುತ್ತ’ ಎಂಬ ಮೂರೂ ಪದಗಳು ಯಾವ ಮುಳುಗಡೆಯ ಪದ್ಯದಲ್ಲಿಯೂ ಕೂರಬಲ್ಲವು. ‘ಬೇವಿನ ಮರ ಒಂದು, ಫಲವಿಲ್ಲ’ ಎಂಬ ಸಾಲು ಈ ಮನೆಯಲ್ಲಿ ಮಾತ್ರ ಕೂರುತ್ತದೆ. ಪರಿಹಾರದ ಲೆಕ್ಕಕ್ಕೆ ಮಾವು, ಹುಣಸೆ ಫಲದ ಮರಗಳು, ಬೇವು ಬರೀ ಕಟ್ಟಿಗೆ. ಆ ನೆರಳಿನಲ್ಲಿ ಕುಳಿತವರ ಲೆಕ್ಕ ಬೇರೆ ಎಂಬುದನ್ನು ನೀವು ಹೇಳಲಿಲ್ಲ, ಹೇಳದ ಕಾರಣಕ್ಕೆ ಅದು ನನಗೆ ಕೇಳಿಸಿತು. ಗದಗಿನ ಹುಡುಗ ಅದನ್ನು ‘ಬರೀ ಲೆಕ್ಕ’ ಎಂದದ್ದು ನನಗೆ ಒಪ್ಪಿಗೆಯಿಲ್ಲ. ಸಂಯಮ ಈ ಕವಿತೆಗೆ ಬಂದಿರುವುದು ಲೆಕ್ಕದಿಂದಲೇ.

ತ್ರಿಪದಿಯ ಮಾತಿಗೆ ಬರುತ್ತೇನೆ. ತ್ರಿಪದಿಗೆ ಹನ್ನೊಂದು ಗಣ, ಅದರಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವಾಗ ಎರಡನೆಯ ಸಾಲಿನ ಮೊದಲರ್ಧವನ್ನು ಮತ್ತೆ ಹೇಳಿ ಮುಂದಕ್ಕೆ ಹೋಗುತ್ತಾರೆ. ಆ ಮರುಹೇಳಿಕೆ ಬೀಸುವ ಕೈಗೆ ಉಸಿರು ಕೊಡುತ್ತದೆ, ಹಾಡುವವಳ ಸಂಕಟವನ್ನು ಹಗುರ ಮಾಡುತ್ತದೆ. ಪಂಚನಾಮೆಯಲ್ಲಿ ಯಾವುದನ್ನೂ ಎರಡು ಸಲ ಹೇಳುವುದಿಲ್ಲ, ಯಾರ ಸಂಕಟವೂ ಹಗುರವಾಗುವುದಿಲ್ಲ. ಈ ಕವಿತೆಗೆ ಈ ಒರಟು ಗದ್ಯದ ನಡೆಯೇ ಸರಿ. ತ್ರಿಪದಿ ಬರೆಯಬಾರದೆಂದಲ್ಲ, ಬರೆದರೆ ಅದು ಬೇರೆ ಕವಿತೆಯಾಗುತ್ತದೆ.

ಗದಗಿನ ಹುಡುಗ

ಗುರುಗಳೇ, ಗುಡಿಯ ವಿಷಯದಲ್ಲಿ ತಪ್ಪಿದೆ, ಒಪ್ಪುತ್ತೇನೆ. ಹಿಡಕಲ್ಲಿನ ಚಿತ್ರ ನೋಡಿ ನವಿಲುತೀರ್ಥವೆಂದು ತಿಳಿದಿದ್ದೆ. ಆದರೆ ಕಣ್ಣೀರೆಂಬ ಪದವನ್ನೇ ಬಿಡಬೇಕೆಂದರೆ ಕಷ್ಟ. ಮನೆ ಮುಳುಗಿದವರು ಅತ್ತಿದ್ದಾರೆ. ಅತ್ತಿದ್ದನ್ನು ಬರೆದರೆ ಕವಿತೆ ಕೆಡುತ್ತದೆ ಎನ್ನುವುದು ಅವರಿಗೆ ಮಾಡುವ ಅನ್ಯಾಯವಲ್ಲವೇ?

ಹಾವೇರಿ ಮೇಷ್ಟ್ರು

ಅತ್ತವರು ಯಾರು, ಎಲ್ಲಿ, ಯಾವಾಗ ಎಂದು ಗೊತ್ತಿದ್ದರೆ ಖಂಡಿತ ಬರೆಯಬಹುದು. ಇಲ್ಲಿ ಅಳುತ್ತಿರುವುದು ಗೋಡೆ. ಆಯಿ ಅತ್ತರೆಂದು ಈ ತಂಗಿ ಎಲ್ಲಿಯೂ ಹೇಳಿಲ್ಲ.

ಬಾಗಲಕೋಟೆ ಮೂಲ, ಈಗ ಹುಬ್ಬಳ್ಳಿ

ತಾಯೀ, ನಿಮ್ಮ ಬರಹ ನೋಡಿ ನಮ್ಮ ಮನೆಯ ಕಾಗದಗಳನ್ನು ಮತ್ತೆ ತೆಗೆದು ಕುಳಿತೆ. ನಾವು ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆ ಬಿಟ್ಟವರು. ನಿಮ್ಮ ಆಯಿಯವರ ಹೆಸರಿನಲ್ಲಿ ನಿರಾಶ್ರಿತರ ಪ್ರಮಾಣಪತ್ರ ಪಡೆದಿದ್ದೀರಾ? ಭೂಸ್ವಾಧೀನದ ನಾಲ್ಕು ಒಂದರ ಅಧಿಸೂಚನೆಯ ಪ್ರತಿ ಮತ್ತು ಪರಿಹಾರ ಗೊತ್ತುಮಾಡಿದ ಅವಾರ್ಡಿನ ನಕಲು ಇದ್ದರೆ ಮೊಮ್ಮಕ್ಕಳಿಗೂ ಉಪಯೋಗವಾಗುತ್ತದೆ. ನಮ್ಮದು ಹೆಚ್ಚಿನ ಪರಿಹಾರಕ್ಕಾಗಿ ಕಲಂ ಹದಿನೆಂಟರ ಅಡಿಯಲ್ಲಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಬಹಳ ವರ್ಷ ಹಿಡಿಯಿತು. ಪ್ರತಿ ವಾಯಿದೆಗೂ ತಂದೆಯವರು ಅದೇ ಬಿಳಿ ಟೊಪ್ಪಿಗೆ ಹಾಕಿಕೊಂಡು ಹೋಗುತ್ತಿದ್ದರು. ಆದೇಶ ಬರುವಷ್ಟರಲ್ಲಿ ಅವರು ಇರಲಿಲ್ಲ.

ನಮ್ಮ ಅವಾರ್ಡಿನಲ್ಲಿಯೂ ಮರಗಳ ಪಟ್ಟಿ ನಿಮ್ಮ ಕವಿತೆಯಲ್ಲಿರುವಂತೆಯೇ ಇದೆ. ಕೊನೆಗೆ ಒಟ್ಟು ಬೆಲೆಯ ಮೇಲೆ ನೂರಕ್ಕೆ 30ರಂತೆ ಸೊಲೇಷಿಯಂ ಎಂದು ಸೇರಿಸಿದ್ದಾರೆ. ಅದು ಏತಕ್ಕೆಂದು ವಕೀಲರನ್ನು ಕೇಳಿದಾಗ, ಮಾಲೀಕನಿಗೆ ಇಷ್ಟವಿರಲಿ ಇಲ್ಲದಿರಲಿ ಬಿಡಲೇಬೇಕಾಗುತ್ತದಲ್ಲ, ಆ ಕಡ್ಡಾಯಕ್ಕಾಗಿ ಕೊಡುವ ಹಣ ಅದು ಎಂದರು. ನಿಮ್ಮ ಆಯಿಯವರಿಗೂ ಆ 30 ಬಂದಿದೆಯೇ ಎಂದು ಪರಿಶೀಲಿಸಿ.

ಧಾರವಾಡದ ಓದುಗಿ

ಅಣ್ಣಾ, ನಾನು ಪರಿಹಾರದ ವಿಚಾರ ಕೇಳಿರಲಿಲ್ಲ, ಕವಿತೆಯ ಬಗ್ಗೆ ಅಭಿಪ್ರಾಯ ಕೇಳಿದ್ದೆ. ಆದರೂ ನಿಮ್ಮ ತಂದೆಯವರ ಮಾತು ಓದಿ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ನಮ್ಮ ಮನೆಯಲ್ಲಿ ಅವಾರ್ಡಿನ ಒಂದು ಹಾಳೆ ಮಾತ್ರ ಉಳಿದಿದೆ. ಸೊಲೇಷಿಯಂ ಎಂಬ ಪದ ನನಗೆ ಇಂದಿನವರೆಗೆ ಗೊತ್ತಿರಲಿಲ್ಲ. ಒಲ್ಲದ ಮನಸ್ಸಿಗೆ ಕಾಯಿದೆಯೇ ಒಂದು ದರ ಕಟ್ಟಿದೆ ಎಂದಾದರೆ, ಅದಕ್ಕೆ ಈ ಪಟ್ಟಿಯಲ್ಲಿ ಜಾಗವಿದೆ.

ನಿವೃತ್ತ ಸರ್ವೇಯರ್, ಹುಬ್ಬಳ್ಳಿ

ಜಾಗವಿದೆ, ಆದರೆ ಅಂಕಿ ಸರಿಯಿರಲಿ. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಆ ದರ ಮೊದಲು ನೂರಕ್ಕೆ 15 ಇತ್ತು. 1984ರ ತಿದ್ದುಪಡಿಯಿಂದ ಅದು 30 ಆಯಿತು. ಬಾಗಲಕೋಟೆಯವರಿಗೆ ಬಂದದ್ದು 30 ಸರಿಯೇ, ಏಕೆಂದರೆ ಅವರ ಅವಾರ್ಡು ತಿದ್ದುಪಡಿಯ ನಂತರದ್ದು. ನವಿಲುತೀರ್ಥದವರ ಭೂಮಿ ಅದಕ್ಕಿಂತ ಬಹಳ ಹಿಂದೆ ಹೋಗಿದೆ. ಹಾಳೆಯ ಕೆಳಭಾಗದಲ್ಲಿ ಹದಿನೈದರ ಲೆಕ್ಕ ಇರಬೇಕು, ನೋಡಿ.

ಹಾಗೆಯೇ ಕಾಳು ತುಂಬಿಡುವ ನೆಲದೊಳಗಿನ ಹಗೇವಿನ ಬಗ್ಗೆ ಒಂದು ಪ್ರಶ್ನೆ. ನೀವು ಅದನ್ನು ‘ಹಗೇವು ಒಂದು’ ಎಂದು ಎಣಿಸಿ ಬಿಟ್ಟಿದ್ದೀರಿ. ಜಲಾಶಯ ಮೊದಲ ಸಲ ತುಂಬುವಾಗ ನೀರು ಹೊಳೆಯ ಕಡೆಯಿಂದ ತೆರೆಯಂತೆ ನುಗ್ಗಿ ಬರುತ್ತದೆ ಎಂದು ಹೊರಗಿನವರು ಊಹಿಸುತ್ತಾರೆ. ಅಂಚಿನ ಊರುಗಳಲ್ಲಿ ನಾನು ಕಂಡದ್ದು ಬೇರೆ. ಹೊಳೆಯ ಮಟ್ಟ ಏರಿ ನಿಂತಾಗ ಅದರ ಜೊತೆಗೆ ಸುತ್ತಲಿನ ನೆಲದೊಳಗಿನ ನೀರೂ ಏರುತ್ತದೆ. ಬಾವಿಯ ನೀರು ಮೇಲೆ ಬರುತ್ತದೆ, ಆಮೇಲೆ ಹಗೇವಿನ ತಳ ಒದ್ದೆಯಾಗುತ್ತದೆ. ಅಂಗಳ ಇನ್ನೂ ಒಣಗಿದ್ದಾಗಲೇ ಮನೆಯ ಕೆಳಗೆ ನೀರು ಬಂದಿರುತ್ತದೆ. ಹಗೇವಿಗೆ ಬಾಗಿ ನೋಡಿದ ಹೆಂಗಸರಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಆದರೆ ಇದು ಎಲ್ಲ ಊರಿಗೂ ಅನ್ವಯಿಸುವುದಿಲ್ಲ. ಗರಸಿನ ನೆಲದಲ್ಲಿ ನೀರು ಬೇಗ ಹಾಯುತ್ತದೆ, ಗಟ್ಟಿ ಎರೆಮಣ್ಣಿನಲ್ಲಿ ಬಹಳ ನಿಧಾನ. ಆಯಿಯವರನ್ನು ಕೇಳದೆ ಇದನ್ನು ಕವಿತೆಗೆ ಸೇರಿಸಬೇಡಿ. ಅವರ ಮನೆ ಹೊಳೆಯ ಅಂಚಿಗೆ ಇತ್ತೋ, ದಿನ್ನೆಯ ಮೇಲೆ ಇತ್ತೋ ಎಂಬುದನ್ನೂ ಕೇಳಿ.

ನವಲಗುಂದದ ರೈತ

ನಾನು ಇನ್ನೊಂದು ದಂಡೆಯವನು. ಅದೇ ಜಲಾಶಯದ ಕಾಲುವೆ ನಮ್ಮ ಹೊಲಕ್ಕೆ ಬಂತು. ನಮಗೂ ಅದು ಸುಲಭವಾಗಿ ಬರಲಿಲ್ಲ, ನೀರು ಸರಿಯಾಗಿ ತಲುಪುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಎಂದಾಗ 1980ರಲ್ಲಿ ನರಗುಂದ, ನವಲಗುಂದದ ರೈತರ ಬಂಡಾಯದಲ್ಲಿ ಏನಾಯಿತೆಂದು ಇಲ್ಲಿನ ಹಿರಿಯರಿಗೆ ನೆನಪಿದೆ. ಆದರೂ ನೀರು ಬಂದ ವರ್ಷಗಳಲ್ಲಿ ನಮ್ಮ ತಂದೆ ಹತ್ತಿ, ಗೋವಿನಜೋಳ ಬೆಳೆದು ನಮ್ಮನ್ನು ಓದಿಸಿದರು. ಈ ಕವಿತೆ ಓದಿದಾಗ, ನಾವು ಉಂಡದ್ದು ಯಾರ ಮನೆಯ ಮೇಲಿನ ನೀರಿನಿಂದ ಎಂದು ಮೊದಲ ಸಲ ಯೋಚಿಸಿದೆ. ಹೊಲಕ್ಕೆ ಹೋದ ನೀರಿಗೂ ಒಂದು ನುಡಿ ಬೇಕಲ್ಲವೇ, ಅದಿಲ್ಲದೆ ಕವಿತೆ ಒಂದೇ ಕಡೆಗೆ ವಾಲುತ್ತದೆ.

ಧಾರವಾಡದ ಓದುಗಿ

ಅಣ್ಣಾರ, ನಿಮ್ಮ ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಆದರೆ ಈ ಕವಿತೆಯಲ್ಲಿ ಮಾತನಾಡುವವರು ಚಕ್ಕಡಿ ಹೇರಿಕೊಂಡು ಹೊರಟವರು. ನಿಮ್ಮ ಹೊಲವನ್ನು ಅವರು ನೋಡಿಲ್ಲ. ಅದನ್ನು ನಾನು ಅವರ ಬಾಯಲ್ಲಿ ಹಾಕಿದರೆ ನಾಲ್ಕನೆಯ ನುಡಿಯಲ್ಲಿ ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ.

ನಿನ್ನೆ ರಾತ್ರಿ ಆಯಿಯ ಬಳಿ ಕುಳಿತಿದ್ದೆ. ಸರ್ವೇಯರ್ ಸರ್ ಬರೆದದ್ದನ್ನು ಓದಿ ಹೇಳಿದೆ. ಹಗೇವಿನಲ್ಲಿ ನೀರು ಬಂದದ್ದನ್ನು ಆಕೆ ನೋಡಿಲ್ಲ, ಅದಕ್ಕೆ ಮೊದಲೇ ಅವರು ಹೊರಟಿದ್ದರು. ರಾತ್ರಿ ಮಲಗಿದರೆ ಹೊಳೆಯ ಸಪ್ಪಳ ಕೇಳುತ್ತಿತ್ತಂತೆ, ಆದ್ದರಿಂದ ಮನೆ ಹೊಳೆಗೆ ಹತ್ತಿರವೇ ಇತ್ತೆಂದು ತೋರುತ್ತದೆ. ಗೋಡೆಗಳು ನೀರಿನಲ್ಲಿ ನಿಂತಿರುತ್ತವೆಯೇ ಎಂದು ಕೇಳಿದಾಗ ‘ಮಣ್ಣಿನ ಗ್ವಾಡಿ ಎಲ್ಲಿ ನಿಲ್ತಾವ’ ಎಂದಳು. ಅಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ.

ಆಮೇಲೆ ಹಗೇವಿನ ಬಗ್ಗೆ ತಾನಾಗಿ ಒಂದು ಮಾತು ಹೇಳಿದಳು. ಹೊರಡುವ ಹಿಂದಿನ ದಿನ ಹಗೇವು ತೆರೆದು, ಕೆಟ್ಟ ಗಾಳಿ ಹೋಗುವವರೆಗೆ ಕಾದು, ಉಳಿದ ಜೋಳವನ್ನೆಲ್ಲ ಮೇಲೆ ತೆಗೆದರು. ಇವಳ ಅತ್ತೆ ಒಳಗಿನ ಕಸವನ್ನೂ ಹೊಡೆಸಿದರು. ಆಮೇಲೆ ಬರಿದಾದ ಹಗೇವಿನ ಬಾಯಿಗೆ ಕಲ್ಲು ಎಳೆದು, ಪ್ರತಿ ವರ್ಷ ಮಾಡುವಂತೆ ಮೇಲೆ ಮಣ್ಣು ಮೆತ್ತಿದರು. ನೀರಿನಲ್ಲಿ ಮುಳುಗುವ ಹಗೇವಿಗೆ ಬಾಯಿ ಏಕೆ ಮುಚ್ಚಿದಿರಿ ಎಂದು ಕೇಳಿದೆ. ‘ಯಾರದರ ದನ ಬಿದ್ದೀತು ಅಂತ’ ಎಂದಳು. ಊರು ಪೂರ್ತಿ ಖಾಲಿಯಾಗಲು ಇನ್ನೂ ಕೆಲವು ದಿನಗಳಿದ್ದವು, ಬೇರೆಯವರ ದನ ಅಲ್ಲಿ ತಿರುಗುತ್ತಿದ್ದವು.

ಹಾಳೆಯನ್ನೂ ನೋಡಿದೆ. ಕೆಳಗೆ ಹದಿನೈದರ ಲೆಕ್ಕವೇ ಇದೆ.

ಹೊಸ ಪ್ರತಿ ಹೀಗಿದೆ.

ಮನೆ ಸಂಖ್ಯೆ ನಲವತ್ತೊಂದು.
ಕೆಂಪು ಬಣ್ಣದಲ್ಲಿ ಅವರು ಬರೆದದ್ದು.

ಮಣ್ಣಿನ ಗೋಡೆ, ಅಂಕಣ ಐದು.
ಗೋದಲಿ ಒಂದು, ಹಗೇವು ಒಂದು.
ಬೇವಿನ ಮರ ಒಂದು, ಫಲವಿಲ್ಲ.
ಒಲ್ಲದೆ ಬಿಟ್ಟದ್ದಕ್ಕೆ
ಮೇಲೆ ನೂರಕ್ಕೆ ಹದಿನೈದು.

ತೊಲೆ ಬಿಚ್ಚಿದೆವು, ಕಂಬ ಬಿಚ್ಚಿದೆವು.
ಬಾಗಿಲನ್ನು ಚೌಕಟ್ಟಿನ ಸಮೇತ
ಚಕ್ಕಡಿಗೆ ಹೇರಿದೆವು.
ಒರಳು ಬಿಟ್ಟೆವು. ಗೋಡೆ ಬಿಟ್ಟೆವು.

ಜೋಳ ತೆಗೆದು, ಕಸ ಹೊಡೆದು,
ಹಗೇವಿನ ಬಾಯಿಗೆ ಕಲ್ಲೆಳೆದು
ಮಣ್ಣು ಮೆತ್ತಿದೆವು.
ಯಾರದಾದರೂ ದನ ಬಿದ್ದೀತು.

ಧಾರವಾಡದಲ್ಲಿ ನಳಕ್ಕೆ ನೀರು ಬಂದಿದೆ.
ಆಯಿ ಹಂಡೆ ತುಂಬುತ್ತಾಳೆ.

ಹಾವೇರಿ ಮೇಷ್ಟ್ರು

ತಂಗೀ, ಹಗೇವಿನ ನುಡಿ ಓದಿದ ಮೇಲೆ ಪರದೆಯಿಂದ ಎದ್ದು ಹೊರಗೆ ಹೋಗಿ ಬಂದೆ. ಬಿಟ್ಟು ಹೋಗುವ ನೆಲದಲ್ಲಿಯೂ ಇನ್ನೊಬ್ಬರ ದನದ ಚಿಂತೆ ಮಾಡಿದ ಆ ಅತ್ತೆಯವರ ಬಗ್ಗೆ ಕವಿತೆ ಒಂದು ವಿಶೇಷಣವನ್ನೂ ಬಳಸಿಲ್ಲ, ಅವರು ಇದ್ದರೆಂಬುದನ್ನೂ ಹೇಳಿಲ್ಲ. ಗದಗಿನ ಹುಡುಗ ಕೇಳಿದ ಅನ್ಯಾಯದ ಪ್ರಶ್ನೆಗೆ ನನ್ನ ಉತ್ತರ ಈ ನಾಲ್ಕು ಸಾಲುಗಳು.

‘ಬಿಟ್ಟದ್ದಕ್ಕೆ’ ಎಂಬ ಪದ ಎರಡನೆಯ ನುಡಿಯಲ್ಲಿಯೂ ‘ಬಿಟ್ಟೆವು’ ಎಂಬುದು ಮೂರನೆಯದರಲ್ಲಿಯೂ ಬಂದಿವೆ. ಅದು ತಾನಾಗಿ ಬಂದಿದ್ದರೆ ಇರಲಿ, ಮುಟ್ಟಬೇಡಿ.

ಕೊನೆಯ ಎರಡು ಸಾಲಿನ ಬಗ್ಗೆ ನನಗೆ ತೊಡಕಿದೆ. ‘ನಮ್ಮ ಮನೆಯ ಮೇಲಿನ ನೀರು’ ಎಂಬ ವಿವರಣೆಯನ್ನು ತೆಗೆದದ್ದು ಸರಿ. ಆದರೆ ಅದನ್ನು ತೆಗೆದ ಮೇಲೆ ಹಾವೇರಿಯಲ್ಲಿ ಕುಳಿತ ನನ್ನಂಥ ಓದುಗನಿಗೆ, ಮೊದಲಿನ ಚರ್ಚೆ ಓದದಿದ್ದರೆ, ಆ ನಳದ ನೀರು ಎಲ್ಲಿಯದೆಂದು ತಿಳಿಯುವುದಿಲ್ಲ. ನಮ್ಮ ಊರಿನ ನಳಕ್ಕೆ ಬರುವುದು ಬೇರೆ ಹೊಳೆಯ ನೀರು. ಆಗ ಆ ಸಾಲುಗಳು ಆಯಿ ಈಗ ಎಲ್ಲಿದ್ದಾಳೆ ಎಂಬ ಸುದ್ದಿಯಷ್ಟೇ ಆಗುತ್ತವೆ. ನನ್ನ ಸಲಹೆಯೆಂದರೆ ಕವಿತೆಯನ್ನು ‘ಬಿದ್ದೀತು’ ಎಂಬಲ್ಲಿಗೆ ನಿಲ್ಲಿಸಿ.

ನಿವೃತ್ತ ಸರ್ವೇಯರ್, ಹುಬ್ಬಳ್ಳಿ

ನಾನು ಹುಬ್ಬಳ್ಳಿಯವನು, ನನಗೆ ಆ ಎರಡು ಸಾಲು ತಟ್ಟನೆ ಅರ್ಥವಾದವು. ನೀರು ಬಿಡುವ ದಿನ ಇಲ್ಲಿ ಪ್ರತಿ ಮನೆಯಲ್ಲಿಯೂ ಕೊಡ, ಹಂಡೆ, ಬ್ಯಾರಲ್ಲು ಸಾಲಾಗಿ ನಿಲ್ಲುತ್ತವೆ. ಇದನ್ನು ತೆಗೆದರೆ ನಮ್ಮ ಎರಡು ಊರಿನ ಓದುಗರಿಗೆ ದೊಡ್ಡದು ಹೋಗುತ್ತದೆ. ಮೇಷ್ಟ್ರ ತೊಡಕಿಗೆ ಒಂದು ಉಪಾಯವಿದೆ. ಶೀರ್ಷಿಕೆಯಲ್ಲಿ ‘ಮುಳುಗಡೆ’ ಎಂಬುದನ್ನು ತೆಗೆದು ‘ನವಿಲುತೀರ್ಥ, 2079.50’ ಎಂದು ಇಡಿ. ಅದು ಜಲಾಶಯದ ಪೂರ್ಣ ಮಟ್ಟ, ಅಡಿಗಳಲ್ಲಿ. ಆಲಮಟ್ಟಿಯನ್ನು ನಾವು 519.60 ಎಂದು ಮೀಟರಿನಲ್ಲಿ ಹೇಳುತ್ತೇವೆ, ನವಿಲುತೀರ್ಥವನ್ನು ಇಂದಿಗೂ ಅಡಿಯಲ್ಲಿಯೇ ಹೇಳುತ್ತೇವೆ. ಯಾವ ಮನೆ ಹೋಗಬೇಕು, ಯಾವುದು ಉಳಿಯಬೇಕು ಎಂದು ತೀರ್ಮಾನಿಸುವಾಗ ನಾವು ಕೈಯಲ್ಲಿ ಹಿಡಿಯುತ್ತಿದ್ದದ್ದು ಇಂಥ ಒಂದು ಅಂಕಿಯನ್ನು. ಆ ಮಟ್ಟ ಹಾಯುವಲ್ಲೆಲ್ಲ ಕಲ್ಲು ನೆಟ್ಟು ಹೋಗುತ್ತಿದ್ದೆವು. ಒಂದೇ ಓಣಿಯಲ್ಲಿ ಕಲ್ಲಿನ ಈಚೆಯ ಮನೆಗೆ ಕೆಂಪು ಸಂಖ್ಯೆ ಬಿದ್ದು ಆಚೆಯದಕ್ಕೆ ಬೀಳದಿದ್ದದ್ದನ್ನು ನಾನು ಬೇರೆ ಕಡೆ ಕಣ್ಣಾರೆ ಕಂಡಿದ್ದೇನೆ. ಎರಡು ಮನೆಯವರೂ ನಿಂತು ನಮ್ಮನ್ನು ನೋಡುತ್ತಿದ್ದರು.

ಬಾಗಲಕೋಟೆ ಮೂಲ, ಈಗ ಹುಬ್ಬಳ್ಳಿ

ಆ ಕಲ್ಲಿನ ಆಚೆ ಉಳಿದವರ ಕಷ್ಟವೂ ಕಡಿಮೆಯಲ್ಲ. ಬಾಗಲಕೋಟೆಯಲ್ಲಿ ಅರ್ಧ ಊರು ನವನಗರಕ್ಕೆ ಹೋದಾಗ ಉಳಿದವರ ಅಂಗಡಿಗೆ ಗಿರಾಕಿ ಇರಲಿಲ್ಲ. ನಮ್ಮ ದೊಡ್ಡಪ್ಪ ಅಂಥವರಲ್ಲಿ ಒಬ್ಬರು. ಶೀರ್ಷಿಕೆಗೆ ಅಂಕಿ ಇಡುವುದಾದರೆ ಊರಿನ ಹೆಸರನ್ನೂ ಇಡಿ ತಾಯೀ. ಜಲಾಶಯದ ಹೆಸರು ನಕಾಶೆಯಲ್ಲಿ ಹೇಗೂ ಇದೆ. ಊರಿನ ಹೆಸರನ್ನು ನೀವು ಬರೆಯದಿದ್ದರೆ ಬರೆಯುವವರು ಯಾರು?

ಗದಗಿನ ಹುಡುಗ

ಈ ವಿಷಯದಲ್ಲಿ ನಾನು ಬಾಗಲಕೋಟೆ ಅಣ್ಣನ ಕಡೆ. ಸಂಯಮವೆಂದು ಹೆಸರನ್ನೇ ಮುಚ್ಚಿದರೆ, ಕವಿತೆ ಯಾವ ಮನೆಯದ್ದೂ ಆಗಬಲ್ಲದು. ‘ಕಣ್ಣೀರು’ ಎಲ್ಲಿ ಬೇಕಾದರೂ ಕೂರುತ್ತದೆ ಎಂದು ಮೇಷ್ಟ್ರು ನನ್ನನ್ನು ತಿದ್ದಿದರು. ಹೆಸರಿಲ್ಲದ ಊರೂ ಹಾಗೆಯೇ ಅಲ್ಲವೇ?

ಹಾವೇರಿ ಮೇಷ್ಟ್ರು

ಒಳ್ಳೆಯ ಪ್ರಶ್ನೆ, ನನ್ನ ಮಾತನ್ನೇ ನನಗೆ ಒಪ್ಪಿಸಿದ್ದೀಯ. ಪಂಚನಾಮೆಯಲ್ಲಿ ಊರು, ತಾಲೂಕು ಮೊದಲ ಸಾಲಿನಲ್ಲಿಯೇ ಇರುತ್ತವೆ, ಆದ್ದರಿಂದ ಈ ಧಾಟಿಗೆ ಹೆಸರು ಹೊರಗಿನದಲ್ಲ. ಆದರೆ ಊರಿನ ಹೆಸರು ಬರೆಯದಿರಲು ಈ ತಂಗಿಗೆ ಕಾರಣವಿರಬೇಕು. ಅದನ್ನು ಕೇಳದೆ ನಾವು ತೀರ್ಮಾನ ಮಾಡಬಾರದು.

ಧಾರವಾಡದ ಓದುಗಿ

ಕಾರಣವಿದೆ. ಆಯಿ ಆ ಹೆಸರನ್ನು ಹೇಳುವುದಿಲ್ಲ. ‘ನಮ್ಮೂರು’ ಎನ್ನುತ್ತಾಳೆ. ಪುನರ್ವಸತಿಯ ಜಾಗಕ್ಕೂ ಅದೇ ಹೆಸರು ಇಟ್ಟಿದ್ದಾರೆ, ಅದರ ಹಿಂದೆ ‘ಹೊಸ’ ಎಂದು ಸೇರಿಸಿದ್ದಾರೆ. ಅಂದಿನಿಂದ ಹೆಸರು ಹೇಳಿದರೆ ಕೇಳಿದವರು ಹೊಸದೆಂದೇ ತಿಳಿಯುತ್ತಾರೆ, ಹಳೆಯದೆಂದು ವಿವರಿಸಬೇಕಾಗುತ್ತದೆ. ಆಕೆಗೆ ಅದು ಬೇಡವಾಗಿದೆ. ಆಕೆ ಹೇಳದ್ದನ್ನು ನಾನು ಮುದ್ರಿಸಲು ಕೈ ಬರುತ್ತಿಲ್ಲ.

ಶೀರ್ಷಿಕೆಗೆ ಸರ್ವೇಯರ್ ಸರ್ ಕೊಟ್ಟ ಅಂಕಿಯನ್ನು ತೆಗೆದುಕೊಳ್ಳುತ್ತೇನೆ. ನಳದ ಎರಡು ಸಾಲುಗಳನ್ನು ಸದ್ಯಕ್ಕೆ ಇಟ್ಟಿದ್ದೇನೆ, ಮೇಷ್ಟ್ರ ಮಾತು ಇನ್ನೂ ಮನಸ್ಸಿನಲ್ಲಿದೆ. ಒಂದು ದಿನ ತೆಗೆದು ಓದುತ್ತೇನೆ, ಮರುದಿನ ಸೇರಿಸಿ ಓದುತ್ತೇನೆ.

ನಿವೃತ್ತ ಸರ್ವೇಯರ್, ಹುಬ್ಬಳ್ಳಿ

ಒಂದೇ ತಿದ್ದುಪಡಿ. 2079.50 ಎನ್ನುವುದು ನೀರಿನ ಪೂರ್ಣ ಮಟ್ಟ, ನಿಮ್ಮ ಮನೆಯ ನೆಲದ ಮಟ್ಟವಲ್ಲ. ಹೊಳೆಯ ಸಪ್ಪಳ ಕೇಳುತ್ತಿತ್ತೆಂದರೆ ಮನೆ ಅದಕ್ಕಿಂತ ಸಾಕಷ್ಟು ಕೆಳಗೆ ಇತ್ತೆಂದು ಊಹಿಸುತ್ತೇನೆ. ಅಂಚಿನ ಹೊಲಗಳು ಪ್ರತಿ ಬೇಸಿಗೆಯಲ್ಲಿ ಮೇಲೆ ಬಂದು ಅಲ್ಲಿ ಜನ ಬಿತ್ತುವುದೂ ಉಂಟು, ಆದರೆ ಹೊಳೆಗೆ ಅಷ್ಟು ಹತ್ತಿರದ ಜಾಗ ತೆರೆದುಕೊಳ್ಳಬೇಕಾದರೆ ಜಲಾಶಯ ಬಹಳ ಬರಿದಾಗಬೇಕು. ಆಯಿಯವರು ಎಂದಾದರೂ ಹಿನ್ನೀರು ಇಳಿದಾಗ ಅಲ್ಲಿಗೆ ಹೋಗಿದ್ದರೇ?

ಧಾರವಾಡದ ಓದುಗಿ

ಇಲ್ಲ ಸರ್. ಒಮ್ಮೆ ಬರದ ವರ್ಷದಲ್ಲಿ ನಮ್ಮ ಕಾಕಾ ಕರೆದುಕೊಂಡು ಹೋಗುತ್ತೇನೆ ಎಂದಿದ್ದರಂತೆ. ಆಕೆ ಒಲ್ಲೆ ಎಂದಳು. ಏಕೆಂದು ಇನ್ನೂ ಕೇಳಿಲ್ಲ.